ಬೆನ್ನು ನೋವಿದ್ದವರು ಗಾದಿ ಆರಿಸುವುದು ಹೇಗೆ: ಫೋಮ್, ಕಾಯರ್, ಸ್ಪ್ರಿಂಗ್ ಮತ್ತು 100 ರಾತ್ರಿಯ ಟ್ರಯಲ್

ಟೊಂಕ ನೋವೆಂದು ಫಿಸಿಯೋಥೆರಪಿಗೆ ಬರುವವರಲ್ಲಿ ತುಂಬಾ ಜನ ಹೊಸ ಗಾದಿ ಕೊಂಡ ಮೇಲೂ ಅದೇ ನೋವು ಹೊತ್ತು ಬರುತ್ತಾರೆ. ಕೇಳಿದರೆ ಕಥೆ ಹೆಚ್ಚುಕಡಿಮೆ ಒಂದೇ. ಅಂಗಡಿಗೆ ಹೋದರು, "ಆರ್ಥೋ" ಅಂತ ಬರೆದಿದ್ದನ್ನು ಕೇಳಿದರು, ಇದ್ದುದರಲ್ಲೇ ಗಟ್ಟಿಯಾದದ್ದನ್ನು ಆರಿಸಿದರು, ಮಂಚದ ಅಳತೆಗೆ ಮಾಡಿಸಿಕೊಂಡು ಬಂದರು. ಎರಡು ತಿಂಗಳಿಗೆ ಭುಜ ಜೋಮು ಹಿಡಿಯಿತು, ಟೊಂಕ ಹಾಗೇ ಇತ್ತು. ಅಳತೆ ಕೊಟ್ಟು ಮಾಡಿಸಿದ್ದರಿಂದ ವಾಪಸ್ಸೂ ಇಲ್ಲ.

ಇಲ್ಲಿ ತಪ್ಪಿರುವುದು ಕೆಲಸದ ಕ್ರಮ. ಮೊದಲು ನೋವು, ಆಮೇಲೆ ಮಂಚ, ಆಮೇಲೆ ಮೈ, ಆಮೇಲೆ ಗಾದಿಯ ಜಾತಿ, ಕೊನೆಗೆ ಮನೆಯಲ್ಲಿ ಮಲಗಿ ನೋಡಿ, ಹೊಂದದಿದ್ದರೆ ವಾಪಸ್ ಕೊಡುವ ಟ್ರಯಲ್ಲಿನ ಷರತ್ತು. ಈ ಸಾಲಿನಲ್ಲೇ ಹೋಗಬೇಕು. ಜೊತೆಗೆ ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಡಿಸೆಂಬರಿನಲ್ಲಿ ಹಿತವಾಗಿದ್ದ ಗಾದಿ ಏಪ್ರಿಲಿನಲ್ಲಿ ಬೇರೆಯೇ ಆಗಬಹುದು.

ಕೈಗೆ ಬೇಕಾದದ್ದು ಇಷ್ಟೇ: ಅಳತೆ ಟೇಪು, ಐದಾರು ಅಡಿ ಉದ್ದದ ನೆಟ್ಟಗಿನ ಕೋಲು, ಫೋಟೋ ತೆಗೆಯುವ ಮೊಬೈಲು, ಒಂದು ನೋಟ್‌ಬುಕ್ಕು, ಸಹಾಯಕ್ಕೆ ಮನೆಯ ಒಬ್ಬರು.

## ಹಂತ 1: ನೋವು ಗಾದಿಯದ್ದೇನಾ, ನೋಡಿ

ಗಾದಿಯಿಂದ ಬರುವ ನೋವಿಗೆ ಒಂದು ಗುರುತಿದೆ. ಬೆಳಿಗ್ಗೆ ಏಳುವಾಗ ಜಾಸ್ತಿ, ಎದ್ದು ಓಡಾಡಿದ ಮೇಲೆ ಅರ್ಧ ಗಂಟೆಯೊಳಗೆ ಕಡಿಮೆ. ಊರಿಗೆ ಹೋಗಿ ಬೇರೆ ಹಾಸಿಗೆಯಲ್ಲಿ ಮಲಗಿದಾಗ ಆರಾಮ. ಹೀಗಿದ್ದರೆ ಗಾದಿಯ ಮೇಲೆ ಅನುಮಾನ ಪಡಬಹುದು. ನೋವು ಸಂಜೆಗೆ ಏರುತ್ತಿದ್ದರೆ, ಕೂತಷ್ಟೂ ಜಾಸ್ತಿಯಾಗುತ್ತಿದ್ದರೆ, ಗಾದಿ ಬದಲಿಸಿ ಸಿಗುವ ಲಾಭ ಕಡಿಮೆ.

ಒಂದು ಎಚ್ಚರಿಕೆ. 45 ವರ್ಷದೊಳಗೆ ಶುರುವಾದ ನೋವು, ಮೂರು ತಿಂಗಳು ದಾಟಿದೆ, ಬೆಳಗಿನ ಜಾವ ನೋವಿಗೇ ಎಚ್ಚರ ಆಗುತ್ತದೆ, ಎದ್ದ ಮೇಲೂ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬೆನ್ನು ಬಿಗಿದಿರುತ್ತದೆ ಎಂದರೆ ಅದು ಬೆನ್ನುಮೂಳೆಯ ಉರಿಯೂತದ ಕಾಯಿಲೆ ಇರಬಹುದು. ಅದೂ ಓಡಾಡಿದರೆ ಕಡಿಮೆಯಾಗುವುದರಿಂದ ಗಾದಿ ನೋವೆಂದು ಮೋಸ ಹೋಗುವುದು ಸುಲಭ. ಇಂಥವರು ಮೊದಲು ಡಾಕ್ಟರಿಗೆ ತೋರಿಸಿ.

ಕಾಲಿನಲ್ಲಿ ಶಕ್ತಿ ಕಡಿಮೆಯಾಗುವುದು, ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು, ತೊಡೆಸಂದಿ ಮರಗಟ್ಟುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬಿದ್ದ ಮೇಲೆ ಶುರುವಾದ ನೋವು, ಜ್ವರದ ಜೊತೆಗಿನ ನೋವು, ಕಾರಣವಿಲ್ಲದೆ ತೂಕ ಇಳಿಯುತ್ತಾ ಬರುವ ನೋವು ಇದ್ದರೂ ಗಾದಿ ಅಂಗಡಿಗಿಂತ ಮೊದಲು ಜಿಲ್ಲಾ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಹೋಗಿ.

## ಹಂತ 2: ಗಾದಿ ಎತ್ತಿ ಮಂಚ ನೋಡಿ

ಹಳೆ ಗಾದಿಯ ಮೇಲೆ ಕೋಲನ್ನು ಅಡ್ಡ ಇಡಿ, ನೀವು ಮಲಗುವ ಜಾಗದಲ್ಲಿ. ಕೋಲಿಗೂ ಗಾದಿಗೂ ನಡುವೆ ಎಷ್ಟು ತಗ್ಗು ಇದೆ ಎಂದು ಟೇಪಿನಿಂದ ಅಳೆಯಿರಿ. ಒಂದು ಇಂಚು ದಾಟಿದ್ದರೆ ಟೊಂಕ ರಾತ್ರಿಯೆಲ್ಲಾ ಬಾಗಿಯೇ ಇರುತ್ತದೆ.

ಈಗ ಗಾದಿ ಪಕ್ಕಕ್ಕಿಟ್ಟು ಅದೇ ಕೋಲನ್ನು ಪ್ಲೈವುಡ್ ಮೇಲಿಡಿ. ಇದನ್ನು ಯಾರೂ ಮಾಡುವುದಿಲ್ಲ, ಆದರೆ ಅರ್ಧ ದೋಷ ಇಲ್ಲೇ ಸಿಗುತ್ತದೆ. ತೆಳು ಪ್ಲೈವುಡ್, ಕೆಳಗೆ ಒಂದೇ ಅಡ್ಡಪಟ್ಟಿ ಇದ್ದರೆ ನಾಲ್ಕೈದು ವರ್ಷದಲ್ಲಿ ಹಲಗೆ ನಡುವೆ ಬಾಗುತ್ತದೆ. ಅದರ ಮೇಲೆ ಎಷ್ಟೇ ದುಬಾರಿ ಗಾದಿ ಹಾಕಿದರೂ ಹಲಗೆಯಂತೆಯೇ ಬಾಗುತ್ತದೆ.

ಅನುಮಾನ ಇದ್ದರೆ ಹಳೆ ಗಾದಿಯನ್ನೇ ಒಂದು ವಾರ ನೆಲಕ್ಕೆ ಹಾಕಿ ಮಲಗಿ. ನೋವು ಕಡಿಮೆಯಾದರೆ ದೋಷ ಮಂಚದ್ದು. ಬಡಿಗರನ್ನು ಕರೆಸಿ ಇನ್ನೆರಡು ಅಡ್ಡಪಟ್ಟಿ ಕೊಡಿಸಿದರೆ ಗಾದಿಯ ಖರ್ಚೇ ಉಳಿಯಬಹುದು. ನೆಲಕ್ಕೆ ಹಾಕಿದ ಗಾದಿಯನ್ನು ದಿನಾ ಬೆಳಿಗ್ಗೆ ಎತ್ತಿ ಗೋಡೆಗೆ ಒರಗಿಸಿ, ಇಲ್ಲವಾದರೆ ಕೆಳಭಾಗಕ್ಕೆ ತೇವ ಹಿಡಿಯುತ್ತದೆ.

ಕೊನೆಗೆ ಮಂಚದ ಒಳ ಅಳತೆ ತೆಗೆಯಿರಿ. ಉದ್ದ ಮೂರು ಕಡೆ, ಅಗಲ ಮೂರು ಕಡೆ. ನಮ್ಮ ಕಡೆ ಬಡಿಗರು ಮಾಡಿದ ಮಂಚಗಳು ಮಾರುಕಟ್ಟೆಯ 72, 75, 78 ಇಂಚಿನ ಉದ್ದಕ್ಕೆ ಸರಿಯಾಗಿ ಕೂರದೇ ಇರುವುದು ಸಾಮಾನ್ಯ. ಒಂದು ಇಂಚು ದೊಡ್ಡ ಗಾದಿಯನ್ನು ಒತ್ತಿ ತುರುಕಿದರೆ ನಡುವೆ ಉಬ್ಬುತ್ತದೆ, ಅದೂ ಟೊಂಕಕ್ಕೆ ಕೆಟ್ಟದ್ದೇ. ಈ ಅಳತೆಗೂ ಮುಂದೆ ಬರುವ ಟ್ರಯಲ್ಲಿಗೂ ನೇರ ಸಂಬಂಧ ಇದೆ, ಬರೆದಿಟ್ಟುಕೊಳ್ಳಿ.

## ಹಂತ 3: ನೀವು ಹೇಗೆ ಮಲಗುತ್ತೀರಿ, ತೂಕ ಎಷ್ಟು

ಬೆನ್ನು ನೋವಿಗೆ ಗಟ್ಟಿಯಾದಷ್ಟೂ ಒಳ್ಳೆಯದು ಎಂಬ ಮಾತು ಮನೆಮನೆಯಲ್ಲಿದೆ. 2003ರಲ್ಲಿ ಸ್ಪೇನಿನ ವೈದ್ಯರು ದೀರ್ಘಕಾಲದ ಟೊಂಕ ನೋವಿದ್ದ 313 ಜನರಿಗೆ ಎರಡು ಬಗೆಯ ಗಾದಿ ಕೊಟ್ಟು 90 ದಿನ ನೋಡಿದರು. ಗಟ್ಟಿ ಗಾದಿಗಿಂತ ಮಧ್ಯಮ ಗಟ್ಟಿಯ ಗಾದಿಯಲ್ಲಿ ಮಲಗಿದವರಿಗೇ ನೋವು ಹೆಚ್ಚು ಇಳಿಯಿತು. ಕಾರಣ ನಮ್ಮ ಮೈಯಲ್ಲೇ ಇದೆ. ನಮ್ಮ ಮೈ ಹಲಗೆಯಂತೆ ಸಪಾಟಾಗಿಲ್ಲ. ಭುಜ ಮತ್ತು ಸೊಂಟ ಅಗಲ, ನಡುವಿನ ಟೊಂಕ ಒಳಕ್ಕೆ. ಅಗಲದ ಭಾಗ ಸ್ವಲ್ಪ ಇಳಿಯಬೇಕು, ಒಳಗಿನ ಭಾಗಕ್ಕೆ ಕೆಳಗಿನಿಂದ ಆಸರೆ ಸಿಗಬೇಕು.

ಮಗ್ಗುಲಾಗಿ ಮಲಗುವವರು ಹಿಂದಿನಿಂದ ಒಂದು ಫೋಟೋ ತೆಗೆಸಿಕೊಳ್ಳಿ. ಕುತ್ತಿಗೆಯಿಂದ ಸೊಂಟದವರೆಗೆ ಬೆನ್ನುಮೂಳೆ ನೇರ ಗೆರೆಯಾಗಿ ಕಾಣಬೇಕು. ಸೊಂಟ ಕೆಳಗೆ ಜೋತಿದ್ದರೆ ಗಾದಿ ಮೆತ್ತಗಾಯಿತು. ಟೊಂಕವೇ ಹಾಸಿಗೆಯ ಕಡೆಗೆ ಜೋತು, ಭುಜ ಮೇಲೆದ್ದಿದ್ದರೆ ಗಟ್ಟಿಯಾಯಿತು. ಅಂಗಾತ ಮಲಗುವವರು ಟೊಂಕದ ಕೆಳಗೆ ಅಂಗೈ ತೂರಿಸಿ ನೋಡಿ. ಕೈ ಸಲೀಸಾಗಿ ಆಚೆ ಈಚೆ ಓಡಿದರೆ ಗಟ್ಟಿ, ತೂರಲೇ ಆಗದಿದ್ದರೆ ಮೆತ್ತಗೆ, ಸ್ವಲ್ಪ ಒತ್ತಿ ತೂರಿದರೆ ಸರಿ.

ಬೋರಲು ಮಲಗುವವರಿಗೆ ಯಾವ ಗಾದಿಯೂ ಪೂರ್ತಿ ಹೊಂದುವುದಿಲ್ಲ. ಹೊಟ್ಟೆಯ ಕೆಳಗೆ ತೆಳು ದಿಂಬಿಟ್ಟುಕೊಳ್ಳಿ, ನಿಧಾನವಾಗಿ ಮಗ್ಗುಲಿಗೆ ಹೊರಳುವ ರೂಢಿ ಮಾಡಿ.

ತೂಕದ ಲೆಕ್ಕ ಸರಳ. ಒಂದೇ ಗಾದಿ 50 ಕೆ.ಜಿ. ತೂಗುವವರಿಗೆ ಗಟ್ಟಿ ಅನ್ನಿಸಿದರೆ 85 ಕೆ.ಜಿ.ಯವರಿಗೆ ಮೆತ್ತಗೆ ಅನ್ನಿಸುತ್ತದೆ. ಹಾಗಾಗಿ ಅಣ್ಣನಿಗೋ ಪಕ್ಕದ ಮನೆಯವರಿಗೋ ಹೊಂದಿದ್ದು ನಿಮಗೂ ಹೊಂದುತ್ತದೆ ಎನ್ನುವಂತಿಲ್ಲ.

## ಹಂತ 4: ಮೂರು ಜಾತಿಯ ಗಾದಿ

### ಕಾಯರ್

ತೆಂಗಿನ ನಾರಿಗೆ ರಬ್ಬರ್ ಹಾಲು ಸೇರಿಸಿ ಒತ್ತಿದ ಹಲಗೆ ಇದು. ಗಾಳಿ ಆಡುತ್ತದೆ, ಬಿಸಿಲುಗಾಲಕ್ಕೆ ಹಿತ, ಬೆಲೆಯೂ ಕಡಿಮೆ. ಅಂಗಾತ ಮಲಗುವವರಿಗೆ ಮೊದಲೆರಡು ವರ್ಷ ಚೆನ್ನಾಗಿಯೇ ಇರುತ್ತದೆ.

ತೊಂದರೆ ಎಂದರೆ ನಾರು ಒಮ್ಮೆ ಕುಗ್ಗಿದರೆ ಮತ್ತೆ ಮೇಲೆದ್ದು ಬರುವುದಿಲ್ಲ. ಸೊಂಟದ ಭಾರ ದಿನಾ ಒಂದೇ ಜಾಗಕ್ಕೆ ಬಿದ್ದು ಅಲ್ಲೇ ತಗ್ಗು ಬೀಳುತ್ತದೆ, ಸುತ್ತಲೂ ಗಟ್ಟಿಯಾಗಿಯೇ ಉಳಿಯುತ್ತದೆ. ಬೆನ್ನಿಗೆ ಇದಕ್ಕಿಂತ ಕೆಟ್ಟ ಆಕಾರ ಇಲ್ಲ. ಮಗ್ಗುಲಾಗಿ ಮಲಗುವವರಿಗೆ ಬರಿ ಕಾಯರ್ ಬೇಡವೆಂದೇ ನಾನು ಹೇಳುತ್ತೇನೆ. ಮೇಲೊಂದು ಇಂಚಾದರೂ ಫೋಮ್ ಪದರ ಇರಬೇಕು. ಗಾದಿ ಮಡಚಿದಾಗ ಒಳಗೆ ಕರಕರ ಶಬ್ದ ಬಂದು ನಾರಿನ ಪುಡಿ ಉದುರಿದರೆ ಅದರ ಕಾಲ ಮುಗಿಯಿತು.

### ಫೋಮ್

ಇಲ್ಲಿ ಮೋಸ ಹೋಗುವುದು "ಡೆನ್ಸಿಟಿ" ಎಂಬ ಮಾತಿನಲ್ಲಿ. 32 ಡೆನ್ಸಿಟಿ, 40 ಡೆನ್ಸಿಟಿ ಎಂದರೆ ಒಂದು ಘನ ಮೀಟರ್ ಫೋಮಿನ ತೂಕ ಕೆ.ಜಿ.ಯಲ್ಲಿ. ಅದು ಬಾಳಿಕೆಯ ಅಂದಾಜು ಕೊಡುತ್ತದೆ, ಗಟ್ಟಿತನದ ಅಳತೆ ಅಲ್ಲ. 40 ಡೆನ್ಸಿಟಿಯ ಮೆತ್ತನೆ ಫೋಮೂ ಇದೆ, 23 ಡೆನ್ಸಿಟಿಯ ಗಟ್ಟಿ ಫೋಮೂ ಇದೆ. ಕಡಿಮೆ ಡೆನ್ಸಿಟಿಯದು ಅಂಗಡಿಯಲ್ಲಿ ಗಟ್ಟಿಯಾಗಿ ಕಂಡು ಬೇಗ ಕೂತುಬಿಡುತ್ತದೆ. ದಿನಾ ಮಲಗಲು 32ಕ್ಕಿಂತ ಕೆಳಗಿನದು ಬೇಡ. ತೂಕ 80 ಕೆ.ಜಿ. ದಾಟಿದವರು ಕೆಳಪದರಕ್ಕೆ 40 ಕೇಳಿ.

ಹೇಳಿದ್ದು ನಿಜವೋ ಎಂದು ತೂಗಿ ನೋಡಬಹುದು. 75×60 ಇಂಚಿನ, 6 ಇಂಚು ದಪ್ಪದ ಪೂರ್ತಿ ಫೋಮ್ ಗಾದಿ 32 ಡೆನ್ಸಿಟಿಯದಾದರೆ ಸುಮಾರು 14 ಕೆ.ಜಿ. ಇರಬೇಕು, 40 ಆದರೆ ಸುಮಾರು 18. ಕೈಗೆ 10 ಕೆ.ಜಿ. ಸಿಕ್ಕಿತೆಂದರೆ ಅದು 23ರ ಆಸುಪಾಸಿನ ಮಾಲು.

ಮೆಮೊರಿ ಫೋಮ್ ಬಿಸಿಗೆ ಮೆತ್ತಗಾಗುತ್ತದೆ, ತಂಪಿಗೆ ಗಟ್ಟಿಯಾಗುತ್ತದೆ. ಅದರ ಗುಣವೇ ಅದು. ರಾಯಚೂರಿನಲ್ಲಿ ಹಗಲು 40 ಡಿಗ್ರಿ ದಾಟಿದ ದಿನ ಆರ್‌ಸಿಸಿ ಛಾವಣಿಯ ಕೋಣೆ ನಡುರಾತ್ರಿಯವರೆಗೂ ಕಾದಿರುತ್ತದೆ. ಏಸಿ ಇರುವ ಶೋರೂಮಿನಲ್ಲಿ ಒತ್ತಿ ನೋಡಿದ ಮೆಮೊರಿ ಫೋಮ್ ಈ ಕೋಣೆಯಲ್ಲಿ ಇನ್ನೂ ಇಳಿಯುತ್ತದೆ, ಮೈಗೆ ಅಂಟಿಕೊಂಡು ಬೆವರೂ ಬರುತ್ತದೆ. ರಾತ್ರಿ ಏಸಿ ಹಾಕದ ಮನೆಗೆ ದಪ್ಪ ಮೆಮೊರಿ ಫೋಮ್ ಬೇಡ. ಬೇಕೇ ಬೇಕೆಂದರೆ ಮೇಲ್ಪದರ ಒಂದು ಇಂಚಿನೊಳಗೆ ಇರಲಿ. ಅದಕ್ಕಿಂತ ಎಚ್‌ಆರ್ ಫೋಮ್ ಒಳ್ಳೆಯದು, ಒತ್ತಿದ ಕೂಡಲೇ ಪುಟಿದು ಬರುತ್ತದೆ, ಬಿಸಿಲಿಗೆ ಅಷ್ಟು ಬದಲಾಗುವುದಿಲ್ಲ.

### ಸ್ಪ್ರಿಂಗ್

ಬಾನೆಲ್ ಮತ್ತು ಪಾಕೆಟ್ ಎಂದು ಎರಡು ಬಗೆ. ಬಾನೆಲ್‌ನಲ್ಲಿ ಎಲ್ಲಾ ಸ್ಪ್ರಿಂಗ್ ಒಂದಕ್ಕೊಂದು ತಂತಿಯಿಂದ ಕಟ್ಟಿರುತ್ತವೆ. ಒಬ್ಬರು ಹೊರಳಿದರೆ ಪಕ್ಕದವರೂ ಅಲುಗಾಡುತ್ತಾರೆ. ಹಳೆಯದಾದಂತೆ ನಡು ಜೋಳಿಗೆಯಾಗಿ ಇಬ್ಬರೂ ಮಧ್ಯಕ್ಕೆ ಜಾರುತ್ತಾರೆ. ಬೆನ್ನು ನೋವಿಗೆ ಇದನ್ನು ಬಿಡಿ.

ಪಾಕೆಟ್‌ನಲ್ಲಿ ಪ್ರತಿ ಸ್ಪ್ರಿಂಗಿಗೂ ಬೇರೆ ಬಟ್ಟೆ ಚೀಲ. ಒತ್ತಿದ ಜಾಗ ಮಾತ್ರ ಇಳಿಯುತ್ತದೆ. ಗಂಡ ಹೆಂಡತಿಯ ತೂಕದಲ್ಲಿ ಜಾಸ್ತಿ ವ್ಯತ್ಯಾಸ ಇದ್ದರೆ ಇದು ಚೆನ್ನಾಗಿ ಹೊಂದುತ್ತದೆ, ಒಳಗೆ ಗಾಳಿಯೂ ಆಡುತ್ತದೆ. ಆದರೆ ದಪ್ಪ ಜಾಸ್ತಿ, ಭಾರ, ಮಡಚಲು ಬರುವುದಿಲ್ಲ. ಕಿರಿದಾದ ಮೆಟ್ಟಿಲಿನ ಮನೆಯವರು ಮೊದಲು ಮೆಟ್ಟಿಲಿನ ತಿರುವು ಅಳೆಯಿರಿ. ಕೆಳಗೆ ಸಪಾಟು ಹಲಗೆ ಇಲ್ಲದಿದ್ದರೆ ಸ್ಪ್ರಿಂಗ್ ವಾಲುತ್ತದೆ. ಕಿರ್ ಎಂಬ ಶಬ್ದ, ಅಂಗೈಗೆ ತಂತಿ ತಾಗುವುದು, ಅಂಚಿಗೆ ಕೂತರೆ ಜಾರುವುದು ಹಾಳಾಗುತ್ತಿರುವ ಲಕ್ಷಣ.

## ಹಂತ 5: ಅಂಗಡಿಯಲ್ಲಿ ಮಲಗಿ ನೋಡಿ

ಕೈಯಿಂದ ಒತ್ತಿ ನೋಡಿದರೆ ಏನೂ ತಿಳಿಯುವುದಿಲ್ಲ. ಪ್ಲಾಸ್ಟಿಕ್ ಹೊದಿಕೆ ತೆಗೆಸಿ, ಮನೆಯ ತಲೆದಿಂಬು ಒಯ್ದು, ನೀವು ಮಲಗುವ ಭಂಗಿಯಲ್ಲೇ ಹತ್ತು ಹದಿನೈದು ನಿಮಿಷ ಮಲಗಿ. ಸಂಕೋಚ ಬೇಡ. ಮೂರನೇ ಹಂತದ ಫೋಟೋ ಮತ್ತು ಅಂಗೈ ಪರೀಕ್ಷೆ ಇಲ್ಲೇ ಮಾಡಿ.

ಅಂಚಿಗೆ ಕೂತು ಕಾಲು ಬಿಡಿ. ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಿ ಮೊಣಕಾಲು ಹೆಚ್ಚುಕಡಿಮೆ ಲಂಬಕೋನದಲ್ಲಿರಬೇಕು. ಮನೆಯ ಮಂಚದ ಎತ್ತರಕ್ಕೆ ಗಾದಿಯ ದಪ್ಪ ಸೇರಿಸಿ ಲೆಕ್ಕ ಹಾಕಿ. ತೀರಾ ತಗ್ಗಾದರೆ ಏಳುವಾಗ ಟೊಂಕ ಹಿಡಿಯುತ್ತದೆ, ತೀರಾ ಎತ್ತರವಾದರೆ ಇಳಿಯುವಾಗ ಜರ್ಕು ಬೀಳುತ್ತದೆ.

"ಸರ್, ಇದು ಡಾಕ್ಟ್ರೇ ಹೇಳೋ ಆರ್ಥೋ ಬೆಡ್" ಎಂದರೆ ಒಳಗೆ ಯಾವ ಪದರ, ಎಷ್ಟು ಇಂಚು, ಯಾವ ಡೆನ್ಸಿಟಿ ಎಂದು ಕೇಳಿ, ಬಿಲ್ಲಿನ ಮೇಲೆ ಬರೆಸಿ. ಬರೆದುಕೊಡಲು ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ. ಆರ್ಥೋ ಎಂಬ ಹೆಸರಿನಿಂದ ಒಳಗೇನಿದೆ ಎಂದು ತಿಳಿಯುವುದಿಲ್ಲ.

## ಹಂತ 6: ಟ್ರಯಲ್ ಷರತ್ತು, ದುಡ್ಡು ಕೊಡುವ ಮೊದಲು

ಆನ್‌ಲೈನಿನಲ್ಲಿ 100 ರಾತ್ರಿ ಮಲಗಿ ನೋಡಿ ಎನ್ನುವ ಕಂಪನಿಗಳು ಹಲವು ಇವೆ. ಬೆನ್ನು ನೋವಿದ್ದವರಿಗೆ ಇದು ನಿಜಕ್ಕೂ ಉಪಯೋಗ. ಮೈ ಹೊಸ ಗಾದಿಗೆ ಒಗ್ಗಲು ಎರಡು ಮೂರು ವಾರ ಬೇಕು, ಅಂಗಡಿಯ ಹದಿನೈದು ನಿಮಿಷ ಅದನ್ನು ಹೇಳಲಾರದು. ಆದರೆ ಈ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯಿರಿ.

ನಿಮ್ಮ ಪಿನ್‌ಕೋಡಿನಿಂದ ವಾಪಸ್ ಒಯ್ಯುತ್ತಾರಾ? ತಂದುಕೊಡುವ ಊರಿಗೆಲ್ಲಾ ಒಯ್ಯಲು ಬರುವುದಿಲ್ಲ. ಅಳತೆ ಕೊಟ್ಟು ಮಾಡಿಸಿದ್ದಕ್ಕೂ ಟ್ರಯಲ್ ಇದೆಯಾ? ಸಾಮಾನ್ಯವಾಗಿ ಇರುವುದಿಲ್ಲ. ಇಷ್ಟು ರಾತ್ರಿ ಮಲಗಿದ ಮೇಲೆಯೇ ವಾಪಸ್ ಎಂಬ ಕಟ್ಟಳೆ ಇದೆಯಾ? ದುಡ್ಡು ವಾಪಸ್ಸಾ, ಬದಲಿ ಗಾದಿಯಾ? ಕಲೆ ಬಿದ್ದರೆ ಒಪ್ಪುತ್ತಾರಾ? ಕಂಪನಿಯ ಸ್ವಂತ ಸೈಟ್ ಬಿಟ್ಟು ಬೇರೆ ಶಾಪಿಂಗ್ ಆ್ಯಪಿನಲ್ಲಿ ಕೊಂಡರೂ 100 ರಾತ್ರಿ ಸಿಗುತ್ತದಾ? ಕೊನೆಯದನ್ನು ಕೇಳದೇ ಕೊಂಡು, ಕೆಲವೇ ದಿನದ ಬದಲಿ ಅವಕಾಶ ಮುಗಿದ ಮೇಲೆ ಒದ್ದಾಡುವವರು ತುಂಬಾ ಜನ.

ವಾರಂಟಿಯೇ ಬೇರೆ, ಟ್ರಯಲ್ಲೇ ಬೇರೆ. ವಾರಂಟಿ ಇಷ್ಟು ಇಂಚಿಗಿಂತ ಹೆಚ್ಚು ತಗ್ಗು ಬಿದ್ದರೆ ಎಂಬಂಥ ದೋಷಕ್ಕೆ ಮಾತ್ರ. "ನನಗೆ ಹೊಂದಲಿಲ್ಲ" ಎಂಬುದಕ್ಕೆ ಹತ್ತು ವರ್ಷದ ವಾರಂಟಿಯೂ ಬರುವುದಿಲ್ಲ. ಬರೆದುಕೊಟ್ಟ ಷರತ್ತನ್ನೇ ಮುರಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

## ಹಂತ 7: ಗಂಗಾವತಿಯ ಒಂದು ಮನೆಯ ಲೆಕ್ಕ

ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವರೊಬ್ಬರು. ತೂಕ 84 ಕೆ.ಜಿ., ಅಂಗಾತ ಮಲಗುತ್ತಾರೆ, ಬೆಳಿಗ್ಗೆ ಟೊಂಕ ಹಿಡಿಯುತ್ತದೆ. ಹೆಂಡತಿ 56 ಕೆ.ಜಿ., ಮಗ್ಗುಲಾಗಿ ಮಲಗುತ್ತಾರೆ, ಭುಜ ಜೋಮು. ಹಳೆ ಕಾಯರ್ ಗಾದಿಯಲ್ಲಿ ಗಂಡನ ಜಾಗದಲ್ಲಿ ಎರಡು ಇಂಚು ತಗ್ಗು. ಇನ್ನೂ ಗಟ್ಟಿ ಕಾಯರ್ ತರಬೇಕೆಂದು ಹೊರಟಿದ್ದರು.

ಗಾದಿ ಎತ್ತಿದಾಗ ಪ್ಲೈವುಡ್ಡೂ ಬಾಗಿತ್ತು, ಕೆಳಗೆ ಒಂದೇ ಪಟ್ಟಿ. ಮಂಚದ ಒಳ ಉದ್ದ 75 ಮುಕ್ಕಾಲು ಇಂಚಿನ ಹತ್ತಿರ, ಒಳ ಅಗಲ ಮಾತ್ರ 59. ಅಂದರೆ 75×60 ಗಾದಿ ಅಗಲಕ್ಕೆ ಕೂರದು. 59ಕ್ಕೆ ಮಾಡಿಸಿದರೆ ಟ್ರಯಲ್ ಹೋಗುತ್ತದೆ. ಪಕ್ಕದ ಪಟ್ಟಿಗಳ ಹೊರ ಅಗಲ 61 ಇತ್ತು. ಹಾಗಾಗಿ ಬಡಿಗರಿಂದ 18 ಮಿ.ಮೀ. ಪ್ಲೈವುಡ್ಡನ್ನು ಪಟ್ಟಿಗಳ ಮೇಲೆಯೇ ಕೂರುವಂತೆ 61 ಇಂಚಿಗೆ ಕೊಯ್ಸಿ, ಕೆಳಗೆ ಮೂರು ಅಡ್ಡಪಟ್ಟಿ ಕೊಡಿಸಿದರು. ಗಾದಿ ಜಾರದಂತೆ ಹಲಗೆಯ ಮೇಲೆ ರಬ್ಬರ್ ಜಾಲಿ ಮ್ಯಾಟ್ ಹಾಸಿದರು.

ತೂಕದ ವ್ಯತ್ಯಾಸ ನೋಡಿದರೆ ಪಾಕೆಟ್ ಸ್ಪ್ರಿಂಗ್ ಮೊದಲ ಆಯ್ಕೆ. ಆದರೆ ಪಟ್ಟಿಯ ಎತ್ತರ 14 ಇಂಚು, ಹಲಗೆ ಮುಕ್ಕಾಲು ಇಂಚು, 8 ಇಂಚಿನ ಸ್ಪ್ರಿಂಗ್ ಸೇರಿದರೆ 23ರ ಹತ್ತಿರ. ಅಷ್ಟೆತ್ತರಕ್ಕೆ ಹೆಂಡತಿಯ ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಅದಕ್ಕೇ 6 ಇಂಚಿನ ಫೋಮ್: ಕೆಳಗೆ ನಾಲ್ಕೂವರೆ ಇಂಚು 40 ಡೆನ್ಸಿಟಿ ಗಟ್ಟಿ, ಮೇಲೆ ಒಂದೂವರೆ ಇಂಚು 32 ಡೆನ್ಸಿಟಿ ಮೆತ್ತನೆಯದು. ಗಂಡನ ಸೊಂಟಕ್ಕೆ ಕೆಳಪದರದ ಆಸರೆ, ಹೆಂಡತಿಯ ಭುಜಕ್ಕೆ ಮೇಲ್ಪದರದ ಜಾಗ. ಏಸಿ ಇಲ್ಲದ್ದರಿಂದ ಮೆಮೊರಿ ಫೋಮ್ ಬಿಟ್ಟರು. ಲೆಕ್ಕದ ಪ್ರಕಾರ ಫೋಮೇ ಸುಮಾರು 17 ಕೆ.ಜಿ. ಬರಬೇಕು. ಹೊದಿಕೆ ಸೇರಿ 18 ತೂಗಿತು, ಸರಿ.

ಗಾದಿ ಬಂದದ್ದು ಫೆಬ್ರವರಿ 5ಕ್ಕೆ. 100 ರಾತ್ರಿ ಮೇ ನಡುವಿನವರೆಗೆ ಓಡುತ್ತದೆ, ಅಂದರೆ ಧಗೆಯ ಏಪ್ರಿಲ್ ಪೂರ್ತಿ ಒಳಗೆ ಬರುತ್ತದೆ. ಕೊಳ್ಳುವ ತಿಂಗಳು ನಿಮ್ಮ ಕೈಯಲ್ಲಿದ್ದರೆ ಹೀಗೇ ಆರಿಸಿ. ಸೆಪ್ಟೆಂಬರಿನಲ್ಲಿ ಕೊಂಡರೆ ಬಿಸಿಲು ಬರುವ ಮೊದಲೇ ಟ್ರಯಲ್ ಮುಗಿದಿರುತ್ತದೆ.

## ಹಂತ 8: ಟ್ರಯಲ್ ದಿನಗಳನ್ನು ಬಳಸುವುದು

ಎದ್ದ ಹತ್ತು ನಿಮಿಷದಲ್ಲಿ ನೋವಿಗೆ 0ರಿಂದ 10ರೊಳಗೆ ಒಂದು ಅಂಕಿ ಬರೆಯಿರಿ. ಜೊತೆಗೆ ಎಚ್ಚರವಾದ ಸಲ, ಜೋಮು, ಸೆಕೆ. ನೆನಪಿನ ಮೇಲೆ ಬಿಟ್ಟರೆ ಕೊಟ್ಟ ದುಡ್ಡೇ ಉತ್ತರ ಹೇಳುತ್ತದೆ. ಆ ದಿನಗಳಲ್ಲಿ ದಿಂಬು ಬದಲಿಸಬೇಡಿ, ಹೊಸ ವ್ಯಾಯಾಮ ಶುರು ಮಾಡಬೇಡಿ. ಮಾಡಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ.

ಮೊದಲ ವಾರ ನೋವು ಸ್ವಲ್ಪ ಏರಬಹುದು. ಮೂರು ವಾರವಾದರೂ ಅಂಕಿ ಇಳಿಯದಿದ್ದರೆ ಗಾದಿ ಹೊಂದಿಲ್ಲ. ಹಿಂದೆ ಇಲ್ಲದ ಜೋಮು ಭುಜಕ್ಕೋ ಕೈಗೋ ಬಂದರೆ ಗಟ್ಟಿಯಾಗಿದೆ. ಹೊರಳಲು ಕೈ ಊರಬೇಕಾದರೆ ಮೆತ್ತಗಾಗಿದೆ. ನೋವು ಟೊಂಕದಿಂದ ಕಾಲಿಗೆ ಇಳಿಯತೊಡಗಿದರೆ ಕಾಯದೆ ಡಾಕ್ಟರನ್ನು ನೋಡಿ.

ಕಲೆಯ ಭಯಕ್ಕೆ ರೆಕ್ಸಿನ್ ಕವರ್ ಹಾಕಬೇಡಿ. ಗಂಗಾವತಿಯ ಮನೆಯಲ್ಲಿ ಮಾರ್ಚ್ ಕೊನೆಗೆ ಹೆಂಡತಿಗೆ ಸೆಕೆಯಿಂದ ನಿದ್ದೆ ಕೆಡತೊಡಗಿದ್ದು ಗಾದಿಯಿಂದ ಅಲ್ಲ, ಆ ಕವರಿನಿಂದ. ಹತ್ತಿ ಟೆರ್ರಿ ಮೇಲ್ಮೈಯ ಪ್ರೊಟೆಕ್ಟರ್ ಹಾಕಿದ ಮೇಲೆ ಸರಿಹೋಯಿತು. ಗಂಡನ ಅಂಕಿ 6ರಿಂದ 3ಕ್ಕೆ ಇಳಿದು ಬಿಸಿಲಿನಲ್ಲೂ ಅಲ್ಲೇ ನಿಂತಿತು. ಉಳಿದ ನೋವು ಮಿಲ್ಲಿನ ಕುರ್ಚಿಯದು, ಅದಕ್ಕೆ ವ್ಯಾಯಾಮ ಬೇರೆ.

ನಿರ್ಧಾರದ ದಿನವನ್ನು ಟ್ರಯಲ್ ಮುಗಿಯುವ ಮೂರು ವಾರ ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಗಂಗಾವತಿಯವರು ಏಪ್ರಿಲ್ 25ಕ್ಕೆ ಗುರುತು ಹಾಕಿದ್ದರು. ವಾಪಸ್ ಕೊಡುವುದಾದರೆ ಫೋನಿನಲ್ಲಿ ಹೇಳಿ ಬಿಡದೆ ಇಮೇಲ್ ಕಳಿಸಿ, ಗಾದಿಯ ನಾಲ್ಕೂ ಕಡೆ ಫೋಟೋ ಸೇರಿಸಿ. ಇಟ್ಟುಕೊಳ್ಳುವುದಾದರೆ ಮೂರು ತಿಂಗಳಿಗೊಮ್ಮೆ ತಲೆಯ ಕಡೆಯನ್ನು ಕಾಲಿನ ಕಡೆಗೆ ತಿರುಗಿಸಿ. ಪದರವಿರುವ ಗಾದಿಯನ್ನು ಬೋರಲು ಮಗುಚಬೇಡಿ, ಗಟ್ಟಿ ಪದರ ಮೇಲೆ ಬರುತ್ತದೆ.